ವಾಟರ್‌ಕಲರ್ ಚಿತ್ರ ರಟ್ಟಿನ ಪೆಟ್ಟಿಗೆ ಮೇಲೆ ಕಂದು ಕಲೆಯಾಗುತ್ತಿದ್ದದ್ದು: ಸರಿಯಾದದ್ದು ಹೀಗೆ

ಕಾಫಿಪುಡಿ ಪ್ಯಾಕೆಟ್‌ಗೆ ಕಾಫಿಗಿಡದ ವಾಟರ್‌ಕಲರ್ ಚಿತ್ರ ಬರೆಸಿದ್ದೆ. ಪೌಚ್ ಮೇಲೆ ಚೆನ್ನಾಗಿ ಬಂತು. ಅದೇ ಚಿತ್ರ ಸಾಗಣೆಯ ರಟ್ಟಿನ ಪೆಟ್ಟಿಗೆ ಮೇಲೆ ರಬ್ಬರಿನಂಥ ಮೃದು ಅಚ್ಚಿನಿಂದ ಮಾಡುವ ಒಂದೇ ಬಣ್ಣದ ಫ್ಲೆಕ್ಸೋ ಮುದ್ರಣದಲ್ಲಿ ಬರೀ ಕಂದು ಕಲೆಯಾಯಿತು, ಎಲೆ ಯಾವುದು ಹಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ.

ಗ್ರೇಸ್ಕೇಲ್ ಮಾಡಿದರೆ ತೆಳು ಛಾಯೆಗಳೆಲ್ಲ ಒರಟು ಚುಕ್ಕೆಗಳಾದವು. ಚಿತ್ರವನ್ನು ತಾನಾಗಿ ಗೆರೆ-ಆಕಾರಗಳಾಗಿ ಬದಲಿಸುವ ಇಮೇಜ್ ಟ್ರೇಸ್‌ನಲ್ಲಿ ಹಾಕಿದರೆ ಬಣ್ಣ ಹರಡಿದ ಅಂಚೆಲ್ಲ ನೂರಾರು ಚೂರಾಯಿತು. ಕಲಾವಿದರಿಗೆ ‘ಸಿಂಪಲ್ ಮಾಡಿ’ ಎಂದೆ. ಎರಡು ಎಲೆ ಕಡಿಮೆ ಮಾಡಿ ಅದೇ ವಾಟರ್‌ಕಲರ್ ಕಳಿಸಿದರು. ತಪ್ಪು ಅವರದಲ್ಲ, ಆ ಮಾತಿಗೆ ಅರ್ಥವೇ ಇರಲಿಲ್ಲ.

ಕೊನೆಗೆ, ಶೈಲಿಯ ಹೆಸರಿಗಿಂತ ಮೊದಲು ಚಿತ್ರ ಎಲ್ಲಿ ಅಚ್ಚಾಗುತ್ತದೆ ಎಂದು ಬರೆದೆ. ಶೈಲಿಯ ಪಕ್ಕದಲ್ಲೇ ಅದರ ಮಿತಿಗಳನ್ನೂ ಬರೆದೆ. ಪೆಟ್ಟಿಗೆಗೆ ಕೊಟ್ಟ ಒಕ್ಕಣೆ ಇದು: ‘ಫ್ಲಾಟ್ ವೆಕ್ಟರ್, ಹೊಸದಾಗಿ ಬರೆಯಬೇಕು. ಒಂದೇ ಬಣ್ಣ, 100%. ಗ್ರೇಡಿಯಂಟ್, ನೆರಳು, ಟೆಕ್ಸ್ಚರ್ ಬೇಡ. ಒಂದು ಕೊಂಬೆ, ಮೂರು ಎಲೆ, ಐದು ಹಣ್ಣು. ಮುದ್ರಣದ ಅಳತೆಯಲ್ಲಿ ಗೆರೆಯೂ ಗೆರೆಗಳ ನಡುವಿನ ಸಂದೂ 1 ಮಿ.ಮೀ.ಗಿಂತ ಕಡಿಮೆ ಇರಬಾರದು.’ ಸಂದಿನ ಮಾತು ಮರೆಯಬೇಡಿ. ರಟ್ಟಿನ ಮೇಲೆ ಶಾಯಿ ಹರಡಿ ಮೊದಲು ಮುಚ್ಚಿಹೋಗುವುದು ಅದೇ.

ಪೌಚ್‌ಗೆ ವಾಟರ್‌ಕಲರ್ ಹಾಗೇ ಉಳಿಯಿತು: ನಿಜ ಅಳತೆಗೆ 300 ಡಿಪಿಐ, ನಾಲ್ಕು ಬಣ್ಣದ ಮುದ್ರಣಕ್ಕೆ ಸಿಎಂವೈಕೆ.

ಕಾಫಿ ಸಂಸ್ಕರಣೆಯ ಹಂತಗಳನ್ನು ತೋರಿಸುವ ಚಿತ್ರಕ್ಕೆ ಹಿಂದೆ ‘ತ್ರೀಡಿ ತರಹ’ ಎಂದಿದ್ದೆ, ದೂರದ ಯಂತ್ರಗಳು ಚಿಕ್ಕದಾಗಿ ಬಂದಿದ್ದವು. ಈಗ ‘ಐಸೊಮೆಟ್ರಿಕ್, 30 ಡಿಗ್ರಿ, ಸಮಾನಾಂತರ ಗೆರೆಗಳು, ದೂರಕ್ಕೆ ಕುಗ್ಗಬಾರದು’ ಎಂದು ಬರೆಯುತ್ತೇನೆ.

ಒಪ್ಪುವ ಮುನ್ನ ಪೆಟ್ಟಿಗೆಯ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ನಿಜ ಅಳತೆಗೆ ಪ್ರಿಂಟ್ ತೆಗೆದು ಎರಡು ಮೀಟರ್ ದೂರದಿಂದ ನೋಡಿ.