ಹೊಕ್ಕುಳಿನ ಕೆಳಗೆ ರಕ್ತ ಯಾವ ಕಡೆಗೆ ಹರಿಯುತ್ತದೆ

ಬಾಗಲಕೋಟೆ ಜಿಲ್ಲೆಯಲ್ಲಿ ವೈದ್ಯನಾಗಿ ಕೆಲಸ ಆರಂಭಿಸಿದ ಎರಡನೆಯ ವರ್ಷ, ಮುಧೋಳದ ಕಡೆಯ 38 ವರ್ಷದ ಕಬ್ಬು ಬೆಳೆಗಾರರೊಬ್ಬರು ತಮ್ಮ ತಾಯಿಯೊಂದಿಗೆ ನನ್ನಲ್ಲಿಗೆ ಬಂದರು. ಹೊಟ್ಟೆಯಲ್ಲಿ ನೀರು ತುಂಬಿತ್ತು, ಎರಡೂ ಕಾಲು ಬಾತಿದ್ದವು, ಬಲಪಕ್ಕೆಯ ಕೆಳಗೆ ಯಕೃತ್ತು ಕೈಗೆ ಸಿಗುತ್ತಿತ್ತು. "ಹೊಟ್ಟಿ ಮ್ಯಾಲೆ ನರಾ ಎದ್ದಾವ್ರಿ ಸಾಹೇಬ್ರ" ಎಂದು ತಾಯಿ ಹೇಳಿದರು. ನಮ್ಮ ಕಡೆ ಚರ್ಮದ ಕೆಳಗೆ ನೀಲಿಯಾಗಿ ಕಾಣುವುದೆಲ್ಲವೂ ನರವೇ. ಅವರು ತೋರಿಸುತ್ತಿದ್ದುದು ಹಿಗ್ಗಿದ ಅಭಿಧಮನಿಗಳನ್ನು.

ಹೊಕ್ಕುಳಿನ ಮೇಲ್ಭಾಗದಲ್ಲಿದ್ದ ಒಂದು ಅಭಿಧಮನಿಯನ್ನು ಒತ್ತಿ ನೋಡಿದೆ. ರಕ್ತ ಎದೆಯ ಕಡೆಗೆ, ಅಂದರೆ ಮೇಲಕ್ಕೆ ಹರಿಯುತ್ತಿತ್ತು. ಯಕೃತ್ತು ಗಟ್ಟಿಯಾಗಿ ಪೋರ್ಟಲ್ ಒತ್ತಡ ಏರಿದೆ ಎಂದು ಚೀಟಿಯಲ್ಲಿ ಬರೆದು, ಕುಡಿತ ಬಿಡಬೇಕೆಂದು ಹೇಳಿದೆ. "ನಾ ಒಂದು ದಿವಸಾನೂ ಕುಡದಿಲ್ರಿ" ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ಅದು ನನ್ನ ಮೊದಲ ತಪ್ಪು, ಮತ್ತು ಇಂದಿಗೂ ನನಗೆ ನೋವು ಕೊಡುವ ತಪ್ಪು.

ನನ್ನ ತರ್ಕ ಹೀಗಿತ್ತು. ಕರುಳು, ಜಠರ ಮತ್ತು ಗುಲ್ಮದ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತನ್ನು ಹಾದು ಹೋಗುತ್ತದೆ. ಯಕೃತ್ತು ಗಂಟುಗಟ್ಟಿದಾಗ ಆ ದಾರಿ ಬಿಗಿಯಾಗುತ್ತದೆ. ಪೋರ್ಟಲ್ ಅಭಿಧಮನಿಗೂ ಅದರ ಕವಲುಗಳಿಗೂ ಕವಾಟಗಳಿಲ್ಲದ ಕಾರಣ ಹಿಂದಿನ ರಕ್ತ ತಡೆಯಿಲ್ಲದೆ ಹಿಮ್ಮುಖವಾಗಿ ಸರಿಯಬಲ್ಲದು. ಆಲಮಟ್ಟಿಯ ಗೇಟು ಹಾಕಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಬಾಗಲಕೋಟೆಯ ಹಳೆಯ ಓಣಿಗಳವರೆಗೆ ಬಂದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಮ್ಮುಖವಾದ ರಕ್ತವು, ಪೋರ್ಟಲ್ ಜಾಲದ ಸಣ್ಣ ನಾಳಗಳು ದೇಹದ ಸಾಮಾನ್ಯ ಅಭಿಧಮನಿಗಳನ್ನು ಸೇರುವ ಕೆಲವೇ ಜಾಗಗಳನ್ನು ಹುಡುಕಿಕೊಳ್ಳುತ್ತದೆ: ಅನ್ನನಾಳದ ಕೆಳತುದಿ, ಹೊಕ್ಕುಳು, ಗುದನಾಳ ಮತ್ತು ಹೊಟ್ಟೆಯ ಹಿಂಗೋಡೆ. ಸಹಜ ಸ್ಥಿತಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿರುವ ಈ ಸೇತುವೆಗಳು ಒತ್ತಡದಿಂದ ಹಿಗ್ಗುತ್ತವೆ. ಪೋರ್ಟಲ್ ಅಭಿಧಮನಿ ಮತ್ತು ಯಕೃತ್ತಿನಿಂದ ಹೊರಬರುವ ಅಭಿಧಮನಿಗಳ ಒತ್ತಡದ ವ್ಯತ್ಯಾಸ ಸಹಜವಾಗಿ 1ರಿಂದ 5 ಮಿ.ಮೀ. ಪಾದರಸದಷ್ಟಿರುತ್ತದೆ, ಅದು 10 ದಾಟಿದಾಗ ವೆರಿಸಿಸ್, ಅಂದರೆ ಹಿಗ್ಗಿ ಸುರುಳಿಯಾದ ಅಭಿಧಮನಿಗಳು ಮೂಡಲಾರಂಭಿಸುತ್ತವೆ, 12 ದಾಟಿದರೆ ಅವು ಒಡೆದು ರಕ್ತ ಸುರಿಯುವ ಅಪಾಯವಿದೆ.

ಈ ಲೆಕ್ಕದಂತೆಯೇ ಅವರನ್ನು ಎಂಡೋಸ್ಕೋಪಿಗೆ ಕಳಿಸಿದೆ, ಅನ್ನನಾಳದ ಕೆಳಗೆ ಸಣ್ಣ ವೆರಿಸಿಸ್ ಕಂಡವು. ಜಠರದ ಎಡಬದಿಯ ಅಭಿಧಮನಿಯಲ್ಲಿ ಪೋರ್ಟಲ್ ಕಡೆಗೆ ಇಳಿಯಬೇಕಾದ ರಕ್ತ ತಿರುಗಿ, ಅನ್ನನಾಳದ ಗೋಡೆಯನ್ನೇರಿ, ಎದೆಯಲ್ಲಿರುವ ಅಜೈಗಸ್ ಅಭಿಧಮನಿಯನ್ನು ಸೇರುತ್ತಿತ್ತು. ಅನ್ನನಾಳದ ಕೊನೆಯ ನಾಲ್ಕೈದು ಸೆಂ.ಮೀ. ಉದ್ದಕ್ಕೆ ಈ ನಾಳಗಳು ಲೋಳೆಪೊರೆಗೆ ತೀರ ಹತ್ತಿರವಾಗಿ, ಸುತ್ತ ಆಸರೆಯಿಲ್ಲದೆ ಓಡುತ್ತವೆ. ನಾಳ ಹಿಗ್ಗಿದಂತೆ ಅದರ ಗೋಡೆ ತೆಳುವಾಗುತ್ತದೆ. ಅಗಲ ಹೆಚ್ಚಾಗಿ ಗೋಡೆ ತೆಳುವಾದಷ್ಟೂ, ಒಳಗಿನ ಒತ್ತಡ ಅಷ್ಟೇ ಇದ್ದರೂ, ಗೋಡೆಯ ಮೇಲಿನ ಎಳೆತ ಏರುತ್ತಲೇ ಹೋಗುತ್ತದೆ. ಹೊಟ್ಟೆಯ ಚರ್ಮದ ಕೆಳಗೆ ಬೆರಳಿನಷ್ಟು ದಪ್ಪವಾದ ನಾಳ ವರ್ಷಗಟ್ಟಲೆ ಸುಮ್ಮನಿರುವಾಗ ಅನ್ನನಾಳದ ಅರ್ಧ ಸೆಂ.ಮೀ. ನಾಳ ಜೀವ ತೆಗೆಯುವುದಕ್ಕೆ ಕಾರಣ ಇದೇ. ಇವರ ವೆರಿಸಿಸ್ ಕಂಡ ಮೇಲೆ ನನ್ನ ನಿರ್ಣಯ ಇನ್ನಷ್ಟು ಗಟ್ಟಿಯಾಯಿತು. ವೆರಿಸಿಸ್ ಹೇಳುವುದು ಒತ್ತಡ ಏರಿದೆ ಎಂಬುದನ್ನು ಮಾತ್ರ, ತಡೆ ಎಲ್ಲಿದೆ ಎಂಬುದನ್ನಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮೂರು ವಾರಗಳ ನಂತರ ಅವರು ಮತ್ತೆ ಬಂದರು. ಔಷಧಿಗೆ ಹೊಟ್ಟೆಯ ನೀರು ಇಳಿದಿರಲಿಲ್ಲ. ಮಗನ ಅಂಗಿ ಎತ್ತಿ ಹಿಡಿದ ತಾಯಿ, "ಬೆನ್ನ ಮ್ಯಾಲೂ ಅದಾವ ನೋಡ್ರಿ" ಎಂದರು. ನಾನು ಹಿಂದಿನ ಸಲ ಅವರನ್ನು ಮಲಗಿಸಿಯೇ ನೋಡಿದ್ದೆ, ಬೆನ್ನನ್ನು ನೋಡಿರಲೇ ಇಲ್ಲ. ನಿಲ್ಲಿಸಿ ಬೆಳಕಿಗೆ ತಿರುಗಿಸಿದಾಗ ಎರಡೂ ಪಕ್ಕೆಗಳಲ್ಲಿ, ಬೆನ್ನಿನ ಉದ್ದಕ್ಕೂ, ಸೊಂಟದಿಂದ ಹೆಗಲಿನವರೆಗೆ ಸುರುಳಿ ಸುರುಳಿಯಾಗಿ ನಾಳಗಳು ಎದ್ದು ಕಂಡವು.

ಈ ಸಲ ಹೊಕ್ಕುಳಿನ ಕೆಳಗೆ, ಕವಲಿಲ್ಲದೆ ನೇರವಾಗಿ ಓಡುವ ಐದಾರು ಸೆಂ.ಮೀ. ಉದ್ದದ ನಾಳವೊಂದನ್ನು ಆರಿಸಿಕೊಂಡೆ. ಎರಡು ತೋರುಬೆರಳುಗಳನ್ನು ಜೋಡಿಸಿ ಅದರ ಮೇಲಿಟ್ಟು, ಒತ್ತಿಹಿಡಿದೇ ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಸರಿಸಿದೆ; ನಡುವಿನ ಭಾಗ ಬರಿದಾಗಿ ಚಪ್ಪಟೆಯಾಯಿತು. ಮೇಲಿನ ಬೆರಳನ್ನು ಎತ್ತಿದಾಗ ನಾಳ ನಿಧಾನವಾಗಿ ತುಂಬಿತು. ಮತ್ತೆ ಬರಿದು ಮಾಡಿ ಕೆಳಗಿನ ಬೆರಳನ್ನು ಎತ್ತಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ ನಿಂತಿತು. ರಕ್ತ ತೊಡೆಸಂದಿಯ ಕಡೆಯಿಂದ ಮೇಲಕ್ಕೆ ಬರುತ್ತಿತ್ತು.

ಇದರ ಅರ್ಥ ತಿಳಿಯಲು ಸಹಜ ಹರಿವನ್ನು ನೆನೆಯಬೇಕು. ಆರೋಗ್ಯವಂತರಲ್ಲಿಯೂ ಹೊಕ್ಕುಳಿನ ಮೇಲಿನ ಚರ್ಮದ ರಕ್ತ ಎದೆಯ ಕಡೆಗೆ ಏರುತ್ತದೆ, ಕೆಳಗಿನದು ತೊಡೆಸಂದಿಗೆ ಇಳಿಯುತ್ತದೆ. ಪೋರ್ಟಲ್ ಒತ್ತಡ ಏರಿದಾಗ, ಪೋರ್ಟಲ್ ಅಭಿಧಮನಿಯ ಎಡ ಕವಲಿನಿಂದ ಹೊಕ್ಕುಳಿಗೆ ಬರುವ ಸಣ್ಣ ನಾಳಗಳು ತೆರೆದುಕೊಂಡು ರಕ್ತವನ್ನು ಹೊಕ್ಕುಳಿಗೆ ತಂದು ಸುರಿಯುತ್ತವೆ. ಅಲ್ಲಿಂದ ಅದು ಹಳೆಯ ದಾರಿಯಲ್ಲೇ ಸುತ್ತಲೂ ಹರಡುತ್ತದೆ. ಅಂದರೆ ದಿಕ್ಕು ಬದಲಾಗುವುದಿಲ್ಲ, ಪ್ರಮಾಣ ಮಾತ್ರ ಹೆಚ್ಚುತ್ತದೆ. ಆದರೆ ಕಾಲು ಮತ್ತು ಸೊಂಟದ ರಕ್ತವನ್ನು ಹೃದಯಕ್ಕೆ ಒಯ್ಯುವ ಇನ್ಫೀರಿಯರ್ ವೆನಾ ಕಾವಾ ಕಟ್ಟಿಕೊಂಡರೆ, ಕೆಳಗಿನ ರಕ್ತಕ್ಕೆ ಹೊಟ್ಟೆ, ಪಕ್ಕೆ ಮತ್ತು ಬೆನ್ನಿನ ಚರ್ಮದ ನಾಳಗಳಲ್ಲಿ ಮೇಲೇರುವುದೂ ಒಂದು ದಾರಿ. ಹೊಕ್ಕುಳಿನ ಮೇಲೆ ಎರಡೂ ರೋಗಗಳಲ್ಲಿ ರಕ್ತ ಮೇಲಕ್ಕೇ ಹರಿಯುವುದರಿಂದ ಮೇಲ್ಭಾಗದ ಪರೀಕ್ಷೆಯೊಂದೇ ಏನನ್ನೂ ಹೇಳುವುದಿಲ್ಲ. ನಾನು ಮೊದಲ ಸಲ ಮಾಡಿದ್ದು ಅಷ್ಟನ್ನೇ.

ಈ ಪರೀಕ್ಷೆಗೂ ಮಿತಿಯಿದೆ. ನಾಳ ಬಹಳ ಹಿಗ್ಗಿ ಅದರ ಕವಾಟಗಳು ಸಡಿಲವಾಗಿದ್ದರೆ ಎರಡೂ ಕಡೆಯಿಂದ ಒಂದೇ ವೇಗದಲ್ಲಿ ತುಂಬಬಹುದು; ಬರಿದು ಮಾಡಿದ ಭಾಗಕ್ಕೆ ಪಕ್ಕದ ಕವಲೊಂದು ಸೇರಿದ್ದರೂ ಮೋಸವಾಗುತ್ತದೆ. ಹಾಗಾಗಿ ಎರಡು ಮೂರು ಜಾಗಗಳಲ್ಲಿ ನೋಡಿ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್‌ನಿಂದ ಖಚಿತಪಡಿಸಿಕೊಳ್ಳುತ್ತೇನೆ. ಅವರ ಡಾಪ್ಲರ್‌ನಲ್ಲಿ, ಯಕೃತ್ತಿನ ಅಭಿಧಮನಿಗಳು ವೆನಾ ಕಾವಾವನ್ನು ಸೇರುವ ಜಾಗದ ತುಸು ಮೇಲೆ, ಪೊರೆಯಂಥ ತಡೆಯೊಂದು ಕಂಡಿತು. ಆ ತಡೆಯಿಂದ ಯಕೃತ್ತಿನ ರಕ್ತವೂ ಹೊರಬರಲಾಗದೆ ಪೋರ್ಟಲ್ ಒತ್ತಡ ಏರಿತ್ತು, ವೆರಿಸಿಸ್ ಆಗಿದ್ದೂ ಅದರಿಂದಲೇ. ದೊಡ್ಡ ಆಸ್ಪತ್ರೆಯೊಂದರಲ್ಲಿ ಬಲೂನಿನಿಂದ ಅದನ್ನು ಬಿಡಿಸಿದರು. ಎರಡು ತಿಂಗಳ ನಂತರ ಬಂದಾಗ ಕಾಲಿನ ಬಾವು ಇಳಿದಿತ್ತು, ಬೆನ್ನಿನ ನಾಳಗಳು ಹುಡುಕಿದರೆ ಮಾತ್ರ ಕಾಣುವಷ್ಟಾಗಿದ್ದವು. ಕುಡಿತದ ಮಾತಿಗಾಗಿ ನಾನು ಅವರ ಕ್ಷಮೆ ಕೇಳಿದೆ.

ಹೊಟ್ಟೆಯ ಮೇಲೆ ನಾಳಗಳೇ ಕಾಣದಿರುವುದೂ ತಡೆಯ ಜಾಗವನ್ನು ಹೇಳಬಲ್ಲದು ಎಂಬುದನ್ನು ಬೀಳಗಿಯ ಒಂಬತ್ತು ವರ್ಷದ ಬಾಲಕನೊಬ್ಬನಲ್ಲಿ ಕಂಡೆ. ಅವನು ರಕ್ತ ವಾಂತಿ ಮಾಡಿಕೊಂಡಿದ್ದ, ಗುಲ್ಮ ಹೊಕ್ಕುಳಿನವರೆಗೆ ಬೆಳೆದಿತ್ತು, ಆದರೆ ಹೊಟ್ಟೆಯ ಚರ್ಮ ನುಣುಪಾಗಿತ್ತು, ನೀರೂ ಇರಲಿಲ್ಲ. ಪೋರ್ಟಲ್ ಅಭಿಧಮನಿಯ ಮುಖ್ಯ ಕಾಂಡವೇ, ಯಕೃತ್ತನ್ನು ಸೇರುವ ಮೊದಲೇ, ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು. ಹೊಕ್ಕುಳಿಗೆ ಹೋಗುವ ನಾಳಗಳು ಹೊರಡುವ ಎಡ ಕವಲು ಆ ತಡೆಯ ಆಚೆಗಿದ್ದುದರಿಂದ ಆ ಒತ್ತಡ ಹೊಕ್ಕುಳನ್ನು ತಲುಪುವಂತಿರಲಿಲ್ಲ. ಅದರ ಭಾರ ಅನ್ನನಾಳದ ಕೆಳತುದಿಯ ಮೇಲೆ ಬಿದ್ದಿತ್ತು. ಎಂಡೋಸ್ಕೋಪಿಯಲ್ಲಿ ದಪ್ಪನೆಯ ವೆರಿಸಿಸ್ ಸಿಕ್ಕವು, ಅಂದೇ ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕಲಾಯಿತು.