ಫೋನಿನಲ್ಲಿ ಹಿಡಿದ ಗಿರಕಿ: ನಡುಗುವ ಡೇಟಾ ಪಳಗಿದ ಬಗೆ

ಯಕ್ಷಗಾನದ ಬಡಗುತಿಟ್ಟಿನ ಗಿರಕಿಯನ್ನು ಒಂದೇ ಫೋನಿನ ವಿಡಿಯೊದಿಂದ ಬ್ಲೆಂಡರ್‌ನ 3ಡಿ ಪಾತ್ರಕ್ಕೆ ಇಳಿಸಲು ಆಗದು, ಸೆನ್ಸರ್ ಸೂಟೇ ಬೇಕು ಎಂದವರೇ ಹೆಚ್ಚು. ಸೂಟ್ ಎಂದರೆ ಲಕ್ಷದ ಮಾತು. ನನಗೆ ಟ್ರೈಪಾಡ್, ಎರಡು ದೀಪ ಸೇರಿ ತಗುಲಿದ್ದು ಹೆಚ್ಚೂಕಡಿಮೆ ನಾಲ್ಕು ಸಾವಿರ. ಈಗ ಪಾತ್ರ ತಿರುಗುತ್ತದೆ, ಪಾದ ಜಾರುವುದಿಲ್ಲ.

ವೇಷ ಕಟ್ಟಿ ಚಿತ್ರೀಕರಿಸಿದರೆ ಸೊಂಟ, ಮಂಡಿ ಎಲ್ಲಿವೆಯೆಂದು ವಿಡಿಯೊದಿಂದ ಚಲನೆ ಹಿಡಿಯುವ ಸಾಫ್ಟ್‌ವೇರಿಗೆ ತಿಳಿಯದು. ಕಲಾವಿದರಿಗೆ ಮೈಗಂಟುವ ಬಟ್ಟೆಯೇ ಸರಿ. ಸೆಕೆಂಡಿಗೆ 60 ಫ್ರೇಮ್, ಎಕ್ಸ್‌ಪೋಷರ್ ಲಾಕ್, ಶಟರ್ 1/100. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ದೀಪದ ಮಿನುಗು ಅಲ್ಲಿ ಅಡಗುತ್ತದೆ. ಫೋನು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಬರೆಯುವುದಿಲ್ಲ, ಹಾಗಾಗಿ ಮೊದಲು ಇದು:

```
ffmpeg -i in.mp4 -vf fps=60 -c:v libx264 -crf 16 out.mp4
```

ಬಹಳ ಮಂದಿ ಸೋಲುವುದು ಇದರ ನಂತರ. ಸಾಫ್ಟ್‌ವೇರ್ ಕೊಟ್ಟ ಚಲನೆಯ ಡೇಟಾ ನಡುಗಿತೆಂದು ಕೂಡಲೇ ಸ್ಮೂತ್ ಒತ್ತುತ್ತಾರೆ. ಗಿರಕಿಯಲ್ಲಿ ಬೆನ್ನು ಕ್ಯಾಮೆರಾಕ್ಕೆ ಬಂದಾಗ ಎಡಗಾಲು ಬಲಗಾಲು ಅದಲುಬದಲಾಗುತ್ತವೆ. ಎರಡು ಮೂರು ಫ್ರೇಮ್‌ನ ಆ ಜಿಗಿತ ನಡುಕವಲ್ಲ, ತಪ್ಪು ಮಾಹಿತಿ. ಫಿಲ್ಟರ್ ಅದನ್ನು ಅಳಿಸುವುದಿಲ್ಲ, ಅಕ್ಕಪಕ್ಕದ ಹತ್ತು ಫ್ರೇಮ್‌ಗೆ ಬಳಿದುಬಿಡುತ್ತದೆ. ಆದ್ದರಿಂದ ಮೊದಲು ಗ್ರಾಫ್ ಎಡಿಟರ್‌ನಲ್ಲಿ Discontinuity (Euler) Filter ಓಡಿಸಿ ಕೋನದ ಲೆಕ್ಕದಲ್ಲಷ್ಟೇ ಆದ ಜಿಗಿತಗಳನ್ನು ಕಳೆದು, ಕಾಲು ಬದಲಾಗಿ ಉಳಿದ ಮುಳ್ಳುಗಳ ಕೀಗಳನ್ನು ಕೈಯಾರೆ ಅಳಿಸುತ್ತೇನೆ. ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸ್ ಹಾಕಿಸಿಯೂ ನೋಡಿದೆ. ಸಾಫ್ಟ್‌ವೇರಿಗೆ ಏನೂ ಉಪಯೋಗವಾಗಲಿಲ್ಲ, ಆದರೆ ಕಾಲು ಬದಲಾದ ಫ್ರೇಮ್ ಹುಡುಕಲು ನನ್ನ ಕಣ್ಣಿಗೆ ಬಹಳ ಅನುಕೂಲವಾಯಿತು.

ಅಳಿಸಿದ ಜಾಗಕ್ಕೆ ಮತ್ತೆ ಪ್ರತಿ ಫ್ರೇಮ್‌ಗೂ ಕೀ ಬೇಕ್ ಮಾಡಿದ ಮೇಲೆ Butterworth Smooth. ಇದರ ಕಟ್‌ಆಫ್ ಇಳಿದಷ್ಟೂ ಚಲನೆ ಹೆಚ್ಚು ನಯವಾಗುತ್ತದೆ. ಎಲ್ಲ ಮೂಳೆಗೂ ಒಂದೇ ಕಟ್‌ಆಫ್ ಕೊಟ್ಟರೆ ಕುಣಿತ ನೀರಲ್ಲಿ ನಡೆದಂತಾಗುತ್ತದೆ. ಒಂದೇ ಕ್ಯಾಮೆರಾದಲ್ಲಿ ಅತಿ ಹೆಚ್ಚು ನಡುಗುವುದು ಆಳದ ಅಕ್ಷ. ಸೊಂಟದ ಆ ಅಕ್ಷಕ್ಕೆ ಮಾತ್ರ 2 ಹರ್ಟ್ಸ್, ಉಳಿದ ಅಕ್ಷಗಳಿಗೆ 5ರ ಸುಮಾರು. ಕೈಗಳಿಗೆ 8, ಇಲ್ಲದಿದ್ದರೆ ಮಣಿಕಟ್ಟಿನ ಬೀಸು ಸತ್ತುಹೋಗುತ್ತದೆ.

ಪಾದ ಕೊನೆಗೆ. ಫಿಲ್ಟರ್‌ಗಿಂತ ಮೊದಲೇ ಬಿಗಿದರೆ ಸೊಂಟ ಬದಲಾದಾಗ ಮಂಡಿ ಹಾರುತ್ತದೆ. ಪಾದ ನೆಲಕ್ಕೆ ತಗುಲುವ ಮತ್ತು ಬಿಡುವ ಫ್ರೇಮ್‌ಗಳನ್ನು ವಿಡಿಯೊ ನೋಡಿ ಗುರುತು ಹಾಕಿ, ನಡುವೆ ಪಾದವನ್ನು ಹಿಡಿದಿಡುವ ಐಕೆ ಕಂಟ್ರೋಲನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಎರಡೂ ಬದಿಗೆ ಮೂರು ನಾಲ್ಕು ಫ್ರೇಮ್‌ನಲ್ಲಿ ಮೂಲ ಚಲನೆಗೆ ಬೆಸೆಯಬೇಕು. ಮಂಡಿ ಇನ್ನೂ ಟಕ್ಕೆಂದರೆ ಕಾಲು ಪೂರ್ತಿ ನೆಟ್ಟಗಾಗಿದೆ ಎಂದರ್ಥ. ಸೊಂಟ ಒಂದೆರಡು ಸೆಂಟಿಮೀಟರ್ ಇಳಿಸಿದರೆ ನಿಲ್ಲುತ್ತದೆ. ತಿರುಗುವಾಗ ಹಿಮ್ಮಡಿಯ ಸುತ್ತ ಪಾದ ಹೊರಳಿಸುವ ಸೆಟಪ್ ಬೇರೆಯೇ ಇದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಹಾರಿ ತಿರುಗುವ ದಿಗಿಣಕ್ಕೆ ಮಾತ್ರ ಈ ದಾರಿ ಸಾಲದು. ಎರಡೂ ಪಾದ ಗಾಳಿಯಲ್ಲಿರುವಾಗ ಎತ್ತರದ ಲೆಕ್ಕ ತಪ್ಪುತ್ತದೆ. ಆ ಹೊತ್ತಿನ ಸೊಂಟದ ಎತ್ತರವನ್ನು ನಾನು ಕೈಯಲ್ಲೇ ಕೀ ಹಾಕುತ್ತೇನೆ.