ಕೃತಿಯೊಂದನ್ನು ಬಿಡಿಸಿ ನೋಡುವುದು, ಮತ್ತೆ ಜೋಡಿಸಿ ಹಾಡುವುದು

ಸಂಗೀತ ಕಲಿಯಲು ಶುರುಮಾಡಿದವರು ಗೀತೆ, ವರ್ಣಗಳನ್ನು ದಾಟಿ ಮೊದಲ ಕೃತಿಗೆ ಬಂದಾಗ ಪುಸ್ತಕದಲ್ಲಿ ಮೂರು ತಲೆಬರಹಗಳನ್ನು ನೋಡುತ್ತಾರೆ: ಪಲ್ಲವಿ, ಅನುಪಲ್ಲವಿ, ಚರಣ. ಪದ್ಯದ ಮೂರು ನುಡಿಗಳಂತೆ ಒಂದಾದ ಮೇಲೊಂದು ಹಾಡಿ ಮುಗಿಸಿದರೆ ಆಯಿತು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅನುಪಲ್ಲವಿ ಮುಗಿದ ಕೂಡಲೇ ತಾಳ ಬಿಟ್ಟು, ಗಂಟಲು ಸರಿಮಾಡಿಕೊಂಡು, ಪುಟ ತಿರುಗಿಸಿ ಚರಣ ಹಿಡಿಯುತ್ತಿದ್ದೆ. ಪಾಠ ಹೇಳುತ್ತಿದ್ದವರು ಒಂದು ದಿನ ಕೈ ಅಡ್ಡ ಹಿಡಿದು, ‘ವಾಕ್ಯ ಇನ್ನೂ ಮುಗಿದಿಲ್ಲವಲ್ಲಮ್ಮ, ಎಲ್ಲಿಗೆ ಹೊರಟೆ?’ ಎಂದರು. ಅವರು ಹೇಳಿದ್ದು ವ್ಯಾಕರಣದ ಮಾತು ಎಂದು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು.

ಅದನ್ನು ವಿವರಿಸಲು ಎಲ್ಲರೂ ಕೇಳಿರುವ ಕೃತಿಯನ್ನೇ ತೆಗೆದುಕೊಳ್ಳೋಣ. ಮುತ್ತುಸ್ವಾಮಿ ದೀಕ್ಷಿತರ (1775–1835) ‘ವಾತಾಪಿ ಗಣಪತಿಂ ಭಜೇಹಂ’. ಹಂಸಧ್ವನಿ ರಾಗ, ಆದಿತಾಳ. ಈ ರಾಗವನ್ನು ರೂಪಿಸಿದವರು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು. ಸ ರಿ ಗ ಪ ನಿ, ಐದೇ ಸ್ವರ. ಮಧ್ಯಮ ಮತ್ತು ಧೈವತ ಇಲ್ಲ.

ಮೊದಲು ಸಾಹಿತ್ಯ, ಆಮೇಲೆ ಸ್ವರ

ಪಲ್ಲವಿ ಇಷ್ಟೇ: ‘ವಾತಾಪಿ ಗಣಪತಿಂ ಭಜೇಹಂ ವಾರಣಾಸ್ಯಂ ವರಪ್ರದಂ’. ‘ವಾತಾಪಿ ಗಣಪತಿಯನ್ನು ನಾನು ಭಜಿಸುತ್ತೇನೆ, ಆನೆಮೊಗದವನನ್ನು, ವರ ಕೊಡುವವನನ್ನು.’ ಇಲ್ಲಿರುವ ಕ್ರಿಯಾಪದ ‘ಭಜೇ’ ಒಂದೇ. ಇನ್ನು ಅನುಪಲ್ಲವಿ ಓದಿ: ‘ಭೂತಾದಿ ಸಂಸೇವಿತ ಚರಣಂ, ಭೂತ ಭೌತಿಕ ಪ್ರಪಂಚ ಭರಣಂ, ವೀತರಾಗಿಣಂ ವಿನತಯೋಗಿನಂ ವಿಶ್ವಕಾರಣಂ ವಿಘ್ನವಾರಣಂ’. ಎಲ್ಲವೂ ‘ಇಂಥವನನ್ನು, ಇಂಥವನನ್ನು’ ಎಂದು ದ್ವಿತೀಯಾ ವಿಭಕ್ತಿಯಲ್ಲಿಯೇ ನಿಂತಿವೆ. ಅವನನ್ನು ಏನು ಮಾಡುತ್ತೇನೆ? ಉತ್ತರ ಅನುಪಲ್ಲವಿಯಲ್ಲಿಲ್ಲ. ಮತ್ತೆ ಪಲ್ಲವಿಗೆ ಬಂದು ‘ಭಜೇಹಂ’ ಎಂದಾಗಲೇ ಸಿಗುತ್ತದೆ. ಚರಣವೂ ಹೀಗೆಯೇ. ಅಷ್ಟು ದೊಡ್ಡ ಚರಣದಲ್ಲಿ ಒಂದೂ ಕ್ರಿಯಾಪದವಿಲ್ಲ.

ಇಡೀ ಕೃತಿ ಒಂದೇ ವಾಕ್ಯ ಎನ್ನಬಹುದು. ಪಲ್ಲವಿಗೆ ಹಿಂದಿರುಗುವುದು ಬರಿಯ ಪುನರಾವರ್ತನೆ ಎಂದುಕೊಂಡವರು ಅದನ್ನು ಅವಸರದಲ್ಲಿ ಗುನುಗಿ ದಾಟಿಬಿಡುತ್ತಾರೆ. ವಾಕ್ಯ ಮುಗಿಸುತ್ತಿದ್ದೇನೆ ಎಂದು ಗೊತ್ತಿರುವವರ ದನಿಯೇ ಬೇರೆ. ಎಲ್ಲ ಕೃತಿಗಳ ವ್ಯಾಕರಣವೂ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಆದರೆ ಪಲ್ಲವಿಗೆ ಮರಳಿದಾಗ ಅರ್ಥ ಕೂಡಬೇಕು ಎಂಬುದು ಒಳ್ಳೆಯ ವಾಗ್ಗೇಯಕಾರರೆಲ್ಲರ ಲೆಕ್ಕದಲ್ಲಿ ಇರುತ್ತದೆ.

ಪದ ಒಡೆಯುವುದನ್ನೂ ಈ ಹಂತದಲ್ಲಿಯೇ ಮುಗಿಸಿಕೊಳ್ಳಬೇಕು. ‘ವಾರಣಾಸ್ಯಂ’ ಎಂದರೆ ವಾರಣ ಮತ್ತು ಆಸ್ಯ, ಆನೆಯ ಮುಖ. ಕಾಶಿಗೂ ಇದಕ್ಕೂ ಸಂಬಂಧವಿಲ್ಲ. ಚರಣದಲ್ಲಿ ಬರುವ ‘ಬೀಜಾಪೂರಂ’ ಮಾದಲಹಣ್ಣು, ನಮ್ಮ ವಿಜಯಪುರವಲ್ಲ. ಊರಿನ ಹೆಸರಿನಂತೆ ಕೇಳಿಸುವ ಮೂರು ಪದಗಳಲ್ಲಿ ನಿಜವಾಗಿ ಊರಿನ ನಂಟಿರುವುದು ‘ವಾತಾಪಿ’ಗೆ ಮಾತ್ರ. ಅದು ಬಾದಾಮಿಯ ಹಳೆಯ ಹೆಸರು. ಪಲ್ಲವರ ಸೇನೆ ಅಲ್ಲಿಂದ ಗಣಪತಿಯ ಮೂರ್ತಿಯನ್ನು ತಮಿಳುನಾಡಿಗೆ ಒಯ್ದಿತೆಂದು ಐತಿಹ್ಯ. ಇನ್ನೊಂದು ಸ್ವಾರಸ್ಯ: ಪಲ್ಲವಿಯ ‘ವಾರಣ’ ಆನೆ, ಅನುಪಲ್ಲವಿಯ ‘ವಿಘ್ನವಾರಣ’ದಲ್ಲಿ ಅದೇ ಪದಕ್ಕೆ ತಡೆಯುವವನು ಎಂಬ ಅರ್ಥ.

ಪಲ್ಲವಿ: ಒಂದೇ ಸಾಲು, ಹಲವು ಸಂಗತಿ

ಪಲ್ಲವಿಯ ಮೊದಲ ಸಾಲನ್ನು ಸರಳವಾಗಿ ಎರಡು ಸಲ ಹಾಡಿ. ಆಮೇಲೆ ಸಂಗತಿಗಳು. ಸಂಗತಿ ಎಂದರೆ ಅದೇ ಸಾಹಿತ್ಯ, ಅದೇ ತಾಳದ ಅಳತೆ, ಸ್ವರಗಳ ನಡೆಯಲ್ಲಿ ಮಾತ್ರ ಹಂತಹಂತವಾದ ಬದಲಾವಣೆ. ಈ ಕೃತಿಗೆ ಇಂದು ನಾವು ಕೇಳುವ ಸಂಗತಿಗಳ ಸಾಲನ್ನು ಬೆಳೆಸಿ ಜನಪ್ರಿಯಗೊಳಿಸಿದವರು ಹತ್ತೊಂಬತ್ತನೆಯ ಶತಮಾನದ ಮಹಾವೈದ್ಯನಾಥ ಅಯ್ಯರ್ ಎಂದು ಸಂಗೀತ ವಲಯದಲ್ಲಿ ಹೇಳುತ್ತಾರೆ. ಹಾಗಾಗಿ ಸಂಗತಿಗಳ ಸಂಖ್ಯೆ ಪಾಠಾಂತರದಿಂದ ಪಾಠಾಂತರಕ್ಕೆ ಬೇರೆಯಾಗುತ್ತದೆ. ನಿಮ್ಮ ಗುರುಗಳು ಕೊಟ್ಟಿದ್ದನ್ನು ಹಾಡಿ. ಯೂಟ್ಯೂಬಿನಲ್ಲಿ ಕೇಳಿದ ಎರಡನ್ನು ನಡುವೆ ಸೇರಿಸಿದರೆ ಮೆಟ್ಟಿಲುಗಳ ಎತ್ತರ ಹೆಚ್ಚುಕಡಿಮೆಯಾಗುತ್ತದೆ.

ಸಂಗತಿ ಕಲಿಯುವಾಗ ಎಲ್ಲಿ ಬದಲಾಯಿತು ಎಂಬುದಕ್ಕಿಂತ ಎಲ್ಲಿ ಬದಲಾಗಲಿಲ್ಲ ಎಂಬುದನ್ನು ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಒಂದು ಸಂಗತಿಯಲ್ಲಿ ‘ವಾತಾಪಿ’ ಹಾಗೆಯೇ ಉಳಿದು ‘ಭಜೇಹಂ’ ಮೇಲೇರಿದರೆ, ಉಳಿದ ಭಾಗವನ್ನು ಹಿಂದಿನ ಸಲದಂತೆಯೇ, ಒಂದು ಗಮಕವೂ ಹೆಚ್ಚಾಗದಂತೆ ಹಾಡಬೇಕು. ಹಾಗಾದರೆ ಮಾತ್ರ ಹೊಸದು ಹೊಸದಾಗಿ ಕೇಳಿಸುತ್ತದೆ. ಪ್ರತಿ ಸಂಗತಿಯನ್ನು ಎರಡು ಸಲ ಹಾಡುವ ರೂಢಿಗೂ ಇದೇ ಕಾರಣ. ಮೊದಲ ಸಲ ಕೇಳುಗನಿಗೆ ಅಚ್ಚರಿ, ಎರಡನೆಯ ಸಲ ಪರಿಚಯ.

ಇಲ್ಲಿ ಎರಡು ತಪ್ಪುಗಳು ಪದೇಪದೇ ಕೇಳಿಬರುತ್ತವೆ. ಮೊದಲನೆಯದು ಉಸಿರಿನದು. ‘ಭಜೇ’ ಎಂದು ನಿಲ್ಲಿಸಿ, ಉಸಿರೆಳೆದು, ‘ಹಂವಾರಣಾಸ್ಯಂ’ ಎಂದು ಮುಂದಕ್ಕೆ ಅಂಟಿಸುವುದು. ಅದು ‘ಭಜೇ ಅಹಂ’. ‘ಹಂ’ ಹಿಂದಿನ ಮಾತಿಗೆ ಸೇರಿದ್ದು. ಉಸಿರು ಬೇಕಾದರೆ ‘ಗಣಪತಿಂ’ ಆದ ಮೇಲೆ ಕಳ್ಳತನದಲ್ಲಿ ತೆಗೆದುಕೊಳ್ಳಿ. ಎರಡನೆಯದು ಸ್ವರದ್ದು. ಸಂಗತಿಯ ವೇಗದಲ್ಲಿ ನಿಷಾದದಿಂದ ಪಂಚಮಕ್ಕೆ ಜಾರುವಾಗ ದನಿ ಧೈವತವನ್ನು ಸವರಿಕೊಂಡು ಬಂದುಬಿಡುತ್ತದೆ. ಅದನ್ನು ಪತ್ತೆಮಾಡಲು ಆ ಸಂಗತಿಯನ್ನು ಸಾಹಿತ್ಯವಿಲ್ಲದೆ, ಅರ್ಧ ವೇಗದಲ್ಲಿ, ಸ್ವರ ಉಚ್ಚರಿಸಿ ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಾಡುವಾಗ ತಿಳಿಯದ್ದು ಕೇಳುವಾಗ ನಾಚಿಕೆಯಾಗುವಷ್ಟು ಸ್ಪಷ್ಟವಾಗಿರುತ್ತದೆ.

ಅನುಪಲ್ಲವಿ: ಮೇಲಕ್ಕೆ, ಆಮೇಲೆ ದುಪ್ಪಟ್ಟು

ಅನುಪಲ್ಲವಿಯಲ್ಲಿ ಕೃತಿ ಸಾಮಾನ್ಯವಾಗಿ ತಾರಸ್ಥಾಯಿಯತ್ತ ಏರುತ್ತದೆ. ಪಲ್ಲವಿಯ ಸಂಗತಿಗಳಲ್ಲಿ ಗಂಟಲನ್ನು ದಣಿಸಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕಾಕಲಿ ನಿಷಾದ ಷಡ್ಜಕ್ಕೆ ತಾಗಿಕೊಂಡಿರುವ ಸ್ವರ. ದಣಿದ ಗಂಟಲಲ್ಲಿ ಮೊದಲು ಇಳಿಯುವುದು ಅದೇ. ತಂಬೂರಿಯ ಸದ್ದು ಸ್ವಲ್ಪ ಹೆಚ್ಚಿಟ್ಟುಕೊಂಡು ‘ಭೂತಾದಿ’ಯನ್ನು ಅಭ್ಯಾಸ ಮಾಡಿ.

ಆಮೇಲೆ ಬರುವುದು ದೀಕ್ಷಿತರ ಗುರುತಿನಂತಿರುವ ಮಧ್ಯಮಕಾಲ. ಲಘು-ಗುರು ಹಾಕಿ ಎಣಿಸಿ ನೋಡಿ. ‘ಭೂತ ಭೌತಿಕ ಪ್ರಪಂಚ ಭರಣಂ’ ಸಾಲಿನಲ್ಲಿ 16 ಮಾತ್ರೆ. ಅದು ಎಂಟು ಎಣಿಕೆಯ ಒಂದು ಆವರ್ತವನ್ನು ತುಂಬುತ್ತದೆ. ಮುಂದಿನ ಸಾಲಿನಲ್ಲಿ ‘ವೀತರಾಗಿಣಂ’ 8, ‘ವಿನತಯೋಗಿನಂ’ 8, ‘ವಿಶ್ವಕಾರಣಂ’ 8, ‘ವಿಘ್ನವಾರಣಂ’ 8, ಒಟ್ಟು 32. ಅದೂ ಒಂದೇ ಆವರ್ತ. ಅಂದರೆ ತಾಳ ಇದ್ದಲ್ಲಿಯೇ ಇದೆ, ಅಕ್ಷರಗಳು ಮಾತ್ರ ದುಪ್ಪಟ್ಟು ದಟ್ಟವಾಗಿವೆ. ಕೈಯ ಎರಡೆರಡು ಎಣಿಕೆಗೆ ಒಂದೊಂದು ಪದ ಸರಿಯಾಗಿ ಕೂರುತ್ತದೆ.

ಕಲಿಯುವವರ ಕೈ ಇದನ್ನು ನಂಬುವುದಿಲ್ಲ. ನಾಲಿಗೆ ವೇಗವಾದ ಕೂಡಲೇ ಕೈಯೂ ಓಡುತ್ತದೆ. ಓಡಿದ್ದು ತಿಳಿಯುವುದು ಪಲ್ಲವಿಗೆ ಮರಳಿದಾಗ: ಮೊದಲು ಹಾಡಿದ್ದಕ್ಕಿಂತ ‘ವಾತಾಪಿ’ ಚುರುಕಾಗಿಬಿಟ್ಟಿರುತ್ತದೆ. ಮನೆಯಲ್ಲಿ ಯಾರನ್ನಾದರೂ ಕೂರಿಸಿ ತಾಳ ಹಾಕಿಸಿ, ನೀವು ಕೈ ಕಟ್ಟಿಕೊಂಡು ಹಾಡಿ. ಬೇರೆಯವರ ಕೈ ನಿಮ್ಮ ನಾಲಿಗೆಗೆ ಹೆದರುವುದಿಲ್ಲ.

ಸೇರುವ ಜಾಗ

‘ವಿಘ್ನವಾರಣಂ’ನಿಂದ ‘ವಾತಾಪಿ’ಗೆ ಹೋಗುವ ಕ್ಷಣವನ್ನು ಮಾತ್ರ ಪ್ರತ್ಯೇಕವಾಗಿ ಹತ್ತು ಸಲ ಹಾಡಿ. ಹಿಂದಿನ ಒಂದು ಆವರ್ತ, ಮುಂದಿನ ಒಂದು ಆವರ್ತ, ಅಷ್ಟೇ. ಪಲ್ಲವಿ ತಾಳದ ಯಾವ ಜಾಗದಲ್ಲಿ ಎತ್ತುತ್ತದೆಯೋ, ಅಂದರೆ ಅದರ ಎಡುಪು ಎಲ್ಲಿದೆಯೋ, ಅಲ್ಲಿಗೇ ಬಂದು ಸೇರಬೇಕು. ಮೃದಂಗದವರು ಕಾಯುವುದೂ ಅದನ್ನೇ. ಹಿಂದಿರುಗುವಾಗ ಎಲ್ಲ ಸಂಗತಿಗಳನ್ನೂ ಮತ್ತೆ ಹಾಡುವ ಅಗತ್ಯವಿಲ್ಲ, ಒಂದೆರಡು ಸಾಕು. ಎಲ್ಲವನ್ನೂ ಮತ್ತೆ ಹಾಡುವವರಿದ್ದಾರೆ. ಅಂಥ ಕಚೇರಿಗಳಲ್ಲಿ ನಾನು ಗಡಿಯಾರ ನೋಡಿದ್ದುಂಟು.

ಚರಣ: ನೆನಪಿಗೆ ಪ್ರಾಸದ ಮೊಳೆ

ತ್ಯಾಗರಾಜರ ಬಹಳಷ್ಟು ಕೃತಿಗಳಲ್ಲಿ ಚರಣದ ಕೊನೆಯ ಭಾಗಕ್ಕೆ ಅನುಪಲ್ಲವಿಯ ಧಾಟಿಯೇ ಬರುತ್ತದೆ. ಹಾಗಾಗಿ ಚರಣದಲ್ಲಿ ಅರ್ಧ ದಾರಿ ನಡೆದರೆ ಪರಿಚಿತ ರಸ್ತೆ ಸಿಗುತ್ತದೆ. ದೀಕ್ಷಿತರಲ್ಲಿ ಆ ಅನುಕೂಲವಿಲ್ಲ, ಚರಣ ಪೂರ್ತಿ ಹೊಸದು. ನೆನಪಿಟ್ಟುಕೊಳ್ಳಲು ಅವರು ಕೊಟ್ಟಿರುವುದು ಎರಡನೆಯ ಅಕ್ಷರದ ಪ್ರಾಸ. ಪಲ್ಲವಿ, ಅನುಪಲ್ಲವಿಗಳಲ್ಲಿ ಅದು ತಕಾರ: ವಾತಾಪಿ, ಭೂತಾದಿ, ವೀತರಾಗಿಣಂ. ಚರಣದಲ್ಲಿ ರಕಾರ: ಪುರಾ, ಮುರಾರಿ, ಪರಾದಿ, ನಿರಂತರಂ, ಕರಾಂಬುಜ, ಹರಾದಿ. ಈ ಆರು ಪದಗಳನ್ನು ಬೆರಳ ಮೇಲೆ ಎಣಿಸಿಕೊಂಡರೆ ಸಾಲು ತಪ್ಪುವುದಿಲ್ಲ.

ಇಲ್ಲಿ ಓಟ ಬೇಡ. ‘ಪುರಾ’ ಎಂದರೆ ‘ಹಿಂದೆ’. ಅದನ್ನು ಬಿಡಿಯಾಗಿ ಹೇಳಿ, ಆಮೇಲೆ ‘ಕುಂಭಸಂಭವ ಮುನಿವರ’ ಎಂದು ಅಗಸ್ತ್ಯರನ್ನು ಕರೆತನ್ನಿ. ‘ಪುರಾಕುಂಭ’ ಎಂದು ಒಟ್ಟಿಗೆ ಎಳೆದರೆ ಯಾವುದೋ ಹಳೆಯ ಕೊಡದ ಹೆಸರಿನಂತೆ ಕೇಳಿಸುತ್ತದೆ. ಕೊನೆಗೆ ಮತ್ತೆ ಮಧ್ಯಮಕಾಲ, ‘ಕರಾಂಬುಜ’ದಿಂದ ‘ಹೇರಂಬಂ’ವರೆಗೆ. ಎಣಿಸಿದರೆ 64 ಮಾತ್ರೆ, ಎರಡು ಆವರ್ತ. ಅದರೊಳಗೆ ದೀಕ್ಷಿತರ ಅಂಕಿತ ‘ಗುರುಗುಹ’ವೂ ರಾಗದ ಹೆಸರು ‘ಹಂಸಧ್ವನಿ’ಯೂ ಅಡಗಿವೆ. ವೇಗದಲ್ಲಿ ‘ಹಂಸಧ್ವನಿ’ಯ ‘ಧ್ವ’ ಸವೆದು ‘ದನಿ’ಯಾಗದಂತೆ ನೋಡಿಕೊಳ್ಳಿ.

ಕಚೇರಿಯಲ್ಲಿ ವಿಸ್ತರಿಸುವವರು ಚರಣದ ‘ಪ್ರಣವಸ್ವರೂಪ ವಕ್ರತುಂಡಂ’ ಸಾಲಿನಲ್ಲಿ ನೆರವಲ್ ಮಾಡುವುದುಂಟು, ಪಲ್ಲವಿಯ ಮೊದಲ ಸಾಲಿಗೆ ಕಲ್ಪನಾಸ್ವರ ಹಾಕುವುದುಂಟು. ಯಾವುದೇ ಆಗಲಿ, ಕಡೆಗೆ ‘ಹೇರಂಬಂ’ ಆದ ಮೇಲೆ ತಾಳ ಬಿಡದೆ ‘ವಾತಾಪಿ ಗಣಪತಿಂ’ ಎತ್ತಿಕೊಳ್ಳಿ, ಮೊದಲು ಹಾಡಿದ ಅದೇ ಸರಳ ಸಂಗತಿಯಲ್ಲಿ, ಅದೇ ಕಾಲದಲ್ಲಿ. ‘ಭಜೇಹಂ’ ಬಂತು, ವಾಕ್ಯ ಮುಗಿಯಿತು. ಈಗ ನೀರು ಕುಡಿಯಬಹುದು.